ಪೋಸ್ಟರ್ ಇದ್ದರೂ ಕಾರ್ಡ್ ಟ್ಯಾಪ್ ಆಗುತ್ತಿಲ್ಲವೇ? ಪುಸ್ತಕದಂಗಡಿಯವರಿಗೊಂದು ದೋಷ ನಿವಾರಣೆ ಕೈಪಿಡಿ

ಧಾರವಾಡದ ಒಂದು ಸಣ್ಣ ಪುಸ್ತಕದಂಗಡಿಯ ಕೌಂಟರ್ ಮೇಲೆ, ಪಾರದರ್ಶಕ ಸ್ಟ್ಯಾಂಡಿನೊಳಗೆ, ಈ ಬರಹದ ಪೋಸ್ಟರ್ ನಿಂತಿತ್ತು:

ಟ್ಯಾಪ್ ಮಾಡಿ, ಪಾವತಿಸಿ!
1. ನಿಮ್ಮ ಸಂಪರ್ಕರಹಿತ ಕಾರ್ಡನ್ನು ತೆಗೆಯಿರಿ
2. ಯಂತ್ರಕ್ಕೆ ಟ್ಯಾಪ್ ಮಾಡಿ
3. ಪಾವತಿ ಯಶಸ್ವಿ!

ಬರಹದ ಕೆಳಗೆ ಅಂಗೈಯಗಲದ ಚಿತ್ರ: ಒಂದರ ಪಕ್ಕದಲ್ಲೊಂದು ಬಾಗಿದ ನಾಲ್ಕು ಗೆರೆಗಳು, ಟ್ಯಾಪ್ ಸೌಲಭ್ಯವಿರುವ ಕಾರ್ಡುಗಳ ಮೇಲೆ ಇರುವಂಥದ್ದೇ. ನೋಡಲು ಅಚ್ಚುಕಟ್ಟಾದ ಪೋಸ್ಟರ್. ಆದರೂ ಗ್ರಾಹಕರು ಅದನ್ನು ಓದಿ, ಕಾರ್ಡ್ ತೆಗೆದು, ತಾಗಿಸಿ, ಏನೂ ಆಗದೆ ಕೊನೆಗೆ ಕಾರ್ಡನ್ನು ಅಂಗಡಿಯವರ ಕೈಗೇ ಕೊಡುತ್ತಿದ್ದರು. ಯಂತ್ರ ಕೆಟ್ಟಿದೆ ಎಂದು ಮಾಲೀಕರು ದೂರು ಕೊಟ್ಟರು. ಬಂದ ತಂತ್ರಜ್ಞ ತನ್ನದೇ ಕಾರ್ಡ್ ತಾಗಿಸಿ ನೋಡಿದರೆ ಹಣ ಸಲೀಸಾಗಿ ಹೋಯಿತು. ದೋಷವಿದ್ದದ್ದು ಪೋಸ್ಟರಿನಲ್ಲಿ. ಅದರ ಮೂರು ಸಾಲುಗಳಲ್ಲಿ ಒಂದೂ ಗ್ರಾಹಕರ ಕೈ ಎಲ್ಲಿ ತಪ್ಪುತ್ತದೆ ಎಂಬುದನ್ನು ನೋಡಿ ಬರೆದದ್ದಲ್ಲ.

ಜನ ಈಗಲೂ ಸ್ವೈಪಿಂಗ್ ಮಷಿನ್ ಎಂದೇ ಕರೆಯುವ ಕಾರ್ಡ್ ಯಂತ್ರ ಪ್ರತಿ ವ್ಯವಹಾರದಲ್ಲೂ ಒಂದು ಸ್ಪಷ್ಟ ಸುಳಿವು ಕೊಡುತ್ತದೆ: ಬೀಪ್ ಸದ್ದು. ದೋಷ ಹುಡುಕುವುದನ್ನು ಅಲ್ಲಿಂದಲೇ ಆರಂಭಿಸಬೇಕು. ಬೀಪ್ ಬರಲೇ ಇಲ್ಲವೆಂದರೆ ಕಾರ್ಡಿಗೂ ಯಂತ್ರಕ್ಕೂ ಮಾತೇ ನಡೆದಿಲ್ಲ. ಕಾರಣ ಕೌಂಟರ್ ಮೇಲೆಯೇ ಇದೆ, ಅದನ್ನು ಪೋಸ್ಟರಿನಿಂದ ಸರಿಪಡಿಸಬಹುದು. ಬೀಪ್ ಬಂದೂ ಹಣ ಬರಲಿಲ್ಲವೆಂದರೆ ಕಾರಣ ಬ್ಯಾಂಕಿನಲ್ಲೋ, ನೆಟ್‌ವರ್ಕ್‌ನಲ್ಲೋ, ಕಾರ್ಡಿನ ಮಿತಿಯಲ್ಲೋ ಇರುತ್ತದೆ. ಈ ಎರಡನ್ನು ಬೇರ್ಪಡಿಸದೆ ‘ಟ್ಯಾಪ್ ಆಗುತ್ತಿಲ್ಲ’ ಎಂದು ಒಂದೇ ಮಾತಿನಲ್ಲಿ ದೂರು ಕೊಟ್ಟರೆ ತಂತ್ರಜ್ಞನೂ ಕತ್ತಲಲ್ಲೇ ತಡಕಾಡಬೇಕಾಗುತ್ತದೆ. ಆದ್ದರಿಂದ ಅರ್ಧ ದಿನ ಕೌಂಟರ್ ಬಳಿ ಕುಳಿತು, ಟ್ಯಾಪ್ ವಿಫಲವಾದಾಗಲೆಲ್ಲ ಮೂರು ವಿಷಯ ಬರೆದುಕೊಳ್ಳಿ: ಗ್ರಾಹಕರ ಕಾರ್ಡ್ ಎಲ್ಲಿಗೆ ಹೋಯಿತು, ಬೀಪ್ ಬಂತೇ, ಪರದೆಯಲ್ಲಿ ಏನು ಮೂಡಿತು. ಬಿಲ್ ಪುಸ್ತಕದ ಕೊನೆಯ ಹಾಳೆ ಸಾಕು.

ಬೀಪ್ ಬರುತ್ತಿಲ್ಲ

ಧಾರವಾಡದ ಅಂಗಡಿಯಲ್ಲಿ ಹೀಗೆ ಬರೆದಿಟ್ಟಾಗ ಕಂಡ ಮೊದಲ ಸಂಗತಿ ನಗು ತರಿಸುವಂಥದ್ದು. ಹಲವರು ಕಾರ್ಡನ್ನು ಪೋಸ್ಟರಿಗೇ ತಾಗಿಸುತ್ತಿದ್ದರು. ಅವರದೇನೂ ತಪ್ಪಿಲ್ಲ. ಕಾರ್ಡಿನ ಮೇಲಿರುವ ನಾಲ್ಕು ಗೆರೆಗಳ ಗುರುತೇ ಎದುರಿಗೆ, ಕೈಗೆಟುಕುವ ದೂರದಲ್ಲಿ, ದೊಡ್ಡದಾಗಿ ಅಚ್ಚಾಗಿದ್ದರೆ ಕೈ ಅಲ್ಲಿಗೇ ಹೋಗುತ್ತದೆ. ಪಕ್ಕದಲ್ಲಿದ್ದ ಕ್ಯೂಆರ್ ಕೋಡಿನ ಫಲಕವೂ ಇದೇ ಅಭ್ಯಾಸ ಮಾಡಿಸಿದೆ: ಅಚ್ಚಾದ ಚಿತ್ರದ ಕಡೆಗೆ ಫೋನ್ ಹಿಡಿದರೆ ಹಣ ಹೋಗುತ್ತದೆ ಎಂಬುದು ಜನರಿಗೆ ಗೊತ್ತು. ಕಾರ್ಡನ್ನೂ ಚಿತ್ರಕ್ಕೆ ಹಿಡಿದರೆ ಸಾಕೆಂದುಕೊಳ್ಳುವುದು ಸಹಜ. ಪರಿಹಾರ ಸರಳ. ಆ ಗುರುತನ್ನು ಪೋಸ್ಟರಿನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ, ಅದನ್ನು ಯಂತ್ರದ ಚಿತ್ರದ ಮೇಲೆಯೇ ಕೂರಿಸಿ, ಪೋಸ್ಟರಿನಿಂದ ಯಂತ್ರದ ಕಡೆಗೆ ದಪ್ಪ ಬಾಣವೊಂದನ್ನು ಬರೆಯಿರಿ. ಕ್ಯೂಆರ್ ಫಲಕವನ್ನು ಕೌಂಟರಿನ ಇನ್ನೊಂದು ತುದಿಗೆ ಸರಿಸಿ.

ಎರಡನೆಯದು, ಯಂತ್ರದ ಯಾವ ಜಾಗಕ್ಕೆ ಎಂಬುದು. ಯಂತ್ರದಿಂದ ಯಂತ್ರಕ್ಕೆ ಇದು ಬದಲಾಗುತ್ತದೆ. ಕೆಲವದರಲ್ಲಿ ಪರದೆಯ ಮೇಲೆಯೇ ಹಿಡಿಯಬೇಕು, ಕೆಲವದರಲ್ಲಿ ಪರದೆಯ ಮೇಲ್ಭಾಗದ ಅಂಚಿಗೆ, ಇನ್ನು ಕೆಲವದರಲ್ಲಿ ಕಾಗದದ ಸುರುಳಿ ಹಾಕುವ ಮುಚ್ಚಳದ ಮೇಲೆ, ಮತ್ತೆ ಕೆಲವದರಲ್ಲಿ ಬೆನ್ನಿಗೆ. ಕಾರ್ಡ್ ಹಿಡಿಯುವ ಕೈಯ ಚಿತ್ರ ಮತ್ತು ಗೆರೆಗಳು ಎಲ್ಲಿವೆಯೋ ಅದೇ ಜಾಗ. ಧಾರವಾಡದ ಯಂತ್ರದಲ್ಲಿ ಅದು ಸುರುಳಿಯ ಮುಚ್ಚಳದ ಮೇಲಿತ್ತು. ಗ್ರಾಹಕರೋ ಪರದೆಯ ಗಾಜಿಗೆ, ಇಲ್ಲವೇ ಅಂಕಿಗಳ ಗುಂಡಿಗಳಿಗೆ ಕಾರ್ಡ್ ತಾಗಿಸುತ್ತಿದ್ದರು. ಒಳಗಿನ ಆಂಟೆನಾ 13.56 ಮೆಗಾಹರ್ಟ್ಸ್ ಅಲೆಯನ್ನು ಹೊರಡಿಸುತ್ತದೆ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಆ ಅಲೆಯಿಂದಲೇ ಅದಕ್ಕೆ ಶಕ್ತಿ ಬರಬೇಕು. ಈ ಅಲೆ ಸುಮಾರು 4 ಸೆಂಟಿಮೀಟರ್ ಆಚೆಗೆ ಕೆಲಸಕ್ಕೆ ಬಾರದಷ್ಟು ಕ್ಷೀಣಿಸುತ್ತದೆ. ಆದ್ದರಿಂದ ನಾಲ್ಕು ಬೆರಳು ದೂರದ ತಪ್ಪು ಜಾಗವೂ ಪೂರ್ತಿ ತಪ್ಪು ಜಾಗವೇ.

ಪೋಸ್ಟರಿನಲ್ಲಿ ಬಳಸುವ ಯಂತ್ರದ ಚಿತ್ರ ಅಂತರ್ಜಾಲದಿಂದ ತೆಗೆದದ್ದಾಗಿರಬಾರದು ಎನ್ನುವುದು ಇದೇ ಕಾರಣಕ್ಕೆ. ನಿಮ್ಮ ಯಂತ್ರದ ಫೋಟೊ ತೆಗೆದು ಅದನ್ನೇ ಹಾಕಿ. ಫೋಟೊಗಿಂತಲೂ ಒಳ್ಳೆಯ ಉಪಾಯವೆಂದರೆ, ಯಂತ್ರದ ಸರಿಯಾದ ಜಾಗದಲ್ಲಿ ಕಿತ್ತಳೆ ಬಣ್ಣದ ದುಂಡನೆಯ ಸ್ಟಿಕ್ಕರ್ ಅಂಟಿಸಿ, ಪೋಸ್ಟರಿನಲ್ಲಿ ‘ಕಿತ್ತಳೆ ಗುರುತಿನ ಮೇಲೆ’ ಎಂದು ಬರೆಯುವುದು. ಕಾಗದದ ಸ್ಟಿಕ್ಕರ್ ಆಗಿರಲಿ; ಮಿನುಗುವ ಲೋಹದ ಪದರದ್ದು ಅಲೆಗೆ ಅಡ್ಡ ಬರುತ್ತದೆ.

ಮೂರನೆಯದು ಹೊತ್ತು. ಮಾರಾಟಗಾರ ಮೊತ್ತವನ್ನು ಒತ್ತಿ ಮುಂದುವರಿಸುವವರೆಗೆ ಸಾಮಾನ್ಯವಾಗಿ ಯಂತ್ರ ಕಾರ್ಡನ್ನು ಹುಡುಕುವುದೇ ಇಲ್ಲ. ಪುಸ್ತಕ ಚೀಲಕ್ಕೆ ಹಾಕುತ್ತಿರುವಾಗಲೇ ಉತ್ಸಾಹದಿಂದ ಕಾರ್ಡ್ ತಾಗಿಸಿದವರಿಗೆ ಸಿಗುವುದು ಮೌನ. ‘ನನ್ನ ಕಾರ್ಡ್ ಕೆಟ್ಟಿದೆ’ ಎಂದು ಅವರು ಅದನ್ನು ಒಳಗಿಡುವ ಹೊತ್ತಿಗೆ ಯಂತ್ರ ಸಿದ್ಧವಾಗಿರುತ್ತದೆ. ಹಳೆಯ ಪೋಸ್ಟರಿನ ಮೊದಲ ಸಾಲು ಈ ತಪ್ಪನ್ನು ಮಾಡಿಸುತ್ತಿತ್ತು: ಕಾರ್ಡ್ ತೆಗೆಯಿರಿ ಎಂದರೆ ತೆಗೆದ ಕೈ ಸುಮ್ಮನಿರುವುದಿಲ್ಲ. ಮೊದಲ ಹೆಜ್ಜೆ ಕಣ್ಣಿಗೆ ಸೇರಿದ್ದಾಗಿರಬೇಕು. ಪರದೆಯಲ್ಲಿ ಮೊತ್ತ ನೋಡಿ, ಸರಿಯಿದ್ದರೆ ಮುಂದೆ. ಇದರಿಂದ ಇನ್ನೊಂದು ಲಾಭವೂ ಇದೆ. ₹340ರ ಬಿಲ್ಲಿಗೆ ಅವಸರದಲ್ಲಿ ₹3,400 ಒತ್ತಿದ್ದರೆ, ಪಿನ್ ಕೇಳದ ವ್ಯವಹಾರದಲ್ಲಿ ಅದನ್ನು ಹಿಡಿಯಲು ಉಳಿದಿರುವುದು ಗ್ರಾಹಕರ ಕಣ್ಣೊಂದೇ.

ನಾಲ್ಕನೆಯದು ಎಷ್ಟು ಹೊತ್ತು ಎಂಬುದು. ಮೊಬೈಲ್ ಪರದೆಗೆ ಬೆರಳು ತಾಗಿಸಿದಂತೆ ಕಾರ್ಡನ್ನು ಕುಟ್ಟಿ ತಕ್ಷಣ ಹಿಂದಕ್ಕೆ ಎಳೆಯುವವರೇ ಹೆಚ್ಚು. ಬೆಂಗಳೂರಿನ ಮೆಟ್ರೊ ಗೇಟಿನಲ್ಲಿ ಪ್ರಯಾಣದ ಕಾರ್ಡ್ ತಾಗಿಸಿ ರೂಢಿಯಾದವರಂತೂ ಕೈಯನ್ನು ನಿಲ್ಲಿಸುವುದೇ ಇಲ್ಲ. ಅಲ್ಲಿ ಕಾರ್ಡಿನೊಳಗೇ ತುಂಬಿಸಿಟ್ಟ ಹಣದಿಂದ ವ್ಯವಹಾರ ಮುಗಿಯುತ್ತದೆ, ಗೇಟು ಅದಕ್ಕೆ ತಕ್ಕಂತೆ ಚುರುಕಾಗಿರುತ್ತದೆ. ಅಂಗಡಿಯ ಯಂತ್ರಕ್ಕೆ ಕಾರ್ಡಿನೊಡನೆ ಹಲವು ಸಲ ಪ್ರಶ್ನೆ ಉತ್ತರ ನಡೆಸುವಷ್ಟು ಬಿಡುವು ಬೇಕು. ಹಳೆಯ ಯಂತ್ರಗಳಿಗೆ ಒಂದೆರಡು ಸೆಕೆಂಡ್. ನಡುವೆ ಕಾರ್ಡ್ ಸರಿದರೆ ಪರದೆಯಲ್ಲಿ `PRESENT CARD AGAIN` ಎಂಬರ್ಥದ ಸಂದೇಶ ಬರುತ್ತದೆ. ಪೋಸ್ಟರಿನಲ್ಲಿ ಸೆಕೆಂಡುಗಳನ್ನು ಬರೆಯಬೇಡಿ, ಯಾರೂ ಎಣಿಸುವುದಿಲ್ಲ. ‘ಬೀಪ್ ಬರುವವರೆಗೆ ಅಲ್ಲಾಡಿಸದೆ ಹಿಡಿಯಿರಿ’ ಎಂದರೆ ಕಿವಿಗೆ ಕೆಲಸ ಸಿಗುತ್ತದೆ. ಕಿವಿ ಮಂದವಾದವರಿಗೆ ದೀಪಗಳಿವೆ. ಹಲವು ಯಂತ್ರಗಳಲ್ಲಿ ನಾಲ್ಕು ಪುಟ್ಟ ದೀಪಗಳಿದ್ದು, ಕಾರ್ಡ್ ಓದುವುದು ಮುಗಿದಾಗ ನಾಲ್ಕೂ ಹೊತ್ತಿಕೊಳ್ಳುತ್ತವೆ. ನಿಮ್ಮ ಯಂತ್ರದಲ್ಲಿದ್ದರೆ ಅದನ್ನೂ ಆ ಸಾಲಿಗೆ ಸೇರಿಸಿ.

ಐದನೆಯದು ಪರ್ಸ್. ಪರ್ಸನ್ನೇ ಇಡಿಯಾಗಿ ಯಂತ್ರಕ್ಕೆ ಒತ್ತುವವರಿದ್ದಾರೆ, ಮೊಬೈಲ್ ಕವರಿನ ಹಿಂದೆ ಕಾರ್ಡ್ ಸಿಕ್ಕಿಸಿಕೊಂಡು ಫೋನನ್ನೇ ತಾಗಿಸುವವರೂ ಇದ್ದಾರೆ. ಒಳಗೆ ಎರಡು ಟ್ಯಾಪ್ ಕಾರ್ಡುಗಳಿದ್ದರೆ ಎರಡೂ ಒಟ್ಟಿಗೆ ಉತ್ತರ ಕೊಡುತ್ತವೆ. ಯಂತ್ರ `PLEASE PRESENT ONE CARD ONLY` ಎನ್ನುತ್ತದೆ, ಇಲ್ಲವೇ ಗ್ರಾಹಕರು ಬಯಸದ ಕಾರ್ಡಿನಿಂದ ಹಣ ತೆಗೆದುಕೊಳ್ಳುತ್ತದೆ. ಎರಡನೆಯದು ಜಗಳಕ್ಕೆ ದಾರಿ. ಅಲೆ ತಡೆಯುವ ಲೋಹದ ಪದರದ ಪರ್ಸ್ ಆಗಿದ್ದರೆ ಬೀಪ್ ಎಂದೂ ಬಾರದು. ‘ಒಂದೇ ಕಾರ್ಡ್, ಪರ್ಸಿನಿಂದ ಹೊರಗೆ’ ಎಂಬ ನಾಲ್ಕು ಪದ ಪೋಸ್ಟರಿನಲ್ಲಿ ಇರಲೇಬೇಕು.

ಇಷ್ಟಾದ ಮೇಲೂ ಬೀಪ್ ಬಾರದಿದ್ದರೆ ಯಂತ್ರವನ್ನು ಕೈಯಲ್ಲಿ ಎತ್ತಿ ಹಿಡಿದು ಅದೇ ಕಾರ್ಡನ್ನು ತಾಗಿಸಿ ನೋಡಿ. ಕೈಯಲ್ಲಿದ್ದಾಗ ಆಗಿ, ಮೇಜಿನ ಮೇಲೆ ಆಗದಿದ್ದರೆ ಸ್ಟೀಲಿನ ಮೇಜೇ ಕಾರಣ; ಕೆಳಗೆ ದಪ್ಪದೊಂದು ಪುಸ್ತಕ ಇಟ್ಟರೂ ಸಾಕು, ಅದಕ್ಕಂತೂ ಅಂಗಡಿಯಲ್ಲಿ ಬರವಿಲ್ಲ. ಕೈಯಲ್ಲಿದ್ದಾಗಲೂ ಆಗದಿದ್ದರೆ ನಾಲ್ಕು ಗೆರೆಗಳ ಗುರುತಿರುವ ಬೇರೆ ಕಾರ್ಡ್ ತನ್ನಿ. ಅದು ಆದರೆ ಮೊದಲನೆಯ ಕಾರ್ಡಿನ ದೋಷ, ಇಲ್ಲವೇ ಅದರಲ್ಲಿ ಟ್ಯಾಪ್ ಸೌಲಭ್ಯವೇ ಇಲ್ಲ. ಯಾವ ಕಾರ್ಡೂ ಆಗದಿದ್ದರೆ ಮಾತ್ರ ಯಂತ್ರ ಕೊಟ್ಟವರಿಗೆ ಫೋನ್ ಮಾಡಿ, ‘ಚಿಪ್ ಕೆಲಸ ಮಾಡುತ್ತಿದೆ, ಟ್ಯಾಪ್ ಯಾವ ಕಾರ್ಡಿಗೂ ಬೀಪ್ ಕೊಡುತ್ತಿಲ್ಲ’ ಎಂದು ನಿರ್ದಿಷ್ಟವಾಗಿ ಹೇಳಿ.

ಬೀಪ್ ಬಂತು, ಹಣ ಬರಲಿಲ್ಲ

ಹಳೆಯ ಪೋಸ್ಟರಿನ ದೊಡ್ಡ ಸುಳ್ಳು ಇದ್ದದ್ದು ಮೂರನೆಯ ಸಾಲಿನಲ್ಲಿ. ಬೀಪ್ ಎಂದರೆ ಪಾವತಿಯಾಯಿತು ಎಂದಲ್ಲ. ಕಾರ್ಡ್ ಓದಿ ಮುಗಿಯಿತು, ಇನ್ನು ತೆಗೆಯಬಹುದು ಎಂದಷ್ಟೇ. ಅದಾದ ಮೇಲೆ ಯಂತ್ರ ಬ್ಯಾಂಕನ್ನು ಕೇಳಬೇಕು, ಬ್ಯಾಂಕು ಒಪ್ಪಬೇಕು, ಉತ್ತರ ಹಿಂದಿರುಗಬೇಕು. ಆ ನಡುವಿನ ಕೆಲವು ಸೆಕೆಂಡುಗಳಲ್ಲಿ ಗ್ರಾಹಕರು ಪುಸ್ತಕ ಎತ್ತಿಕೊಂಡು ಬಾಗಿಲು ದಾಟಿರುತ್ತಾರೆ. ಪರದೆಯಲ್ಲಿ `DECLINED` ಬಂದಾಗ ಅಂಗಡಿಯವರು ‘ಸರ್, ಸ್ವಲ್ಪ ನಿಲ್ಲಿ’ ಎಂದು ಕೂಗಿಕೊಂಡು ಹಿಂದೆ ಓಡಬೇಕು. ಕದ್ದವರಂತೆ ಕರೆಸಿಕೊಂಡ ಗ್ರಾಹಕರು ಆ ಅಂಗಡಿಗೆ ಮತ್ತೆ ಬರುವುದು ಅನುಮಾನ. ಮೂರನೆಯ ಹೆಜ್ಜೆ ನಿಲ್ಲುವ ಹೆಜ್ಜೆಯಾಗಿರಬೇಕು: `APPROVED` ಎಂದು ಕಾಣುವವರೆಗೆ ನಿಲ್ಲಿ. ಆ ಪದವನ್ನು ಕನ್ನಡಕ್ಕೆ ತಿರುಗಿಸದೆ, ಪರದೆಯಲ್ಲಿ ಮೂಡುವ ಅಕ್ಷರಗಳಲ್ಲೇ ಅಚ್ಚು ಹಾಕಿ. ಇಂಗ್ಲಿಷ್ ಓದಲು ಬಾರದವರೂ ಎರಡು ಆಕಾರಗಳನ್ನು ಹೋಲಿಸಿ ನೋಡಬಲ್ಲರು.

ಇನ್ನು ಬ್ಯಾಂಕು ಒಪ್ಪದಿರುವ ಕಾರಣಗಳು. ಪುಸ್ತಕದಂಗಡಿಯಲ್ಲಿ ಹೆಚ್ಚಾಗಿ ಎದುರಾಗುವುದು ಒಂದೇ: ಆ ಕಾರ್ಡಿನಲ್ಲಿ ಟ್ಯಾಪ್ ಸೌಲಭ್ಯವನ್ನು ತೆರೆದೇ ಇಲ್ಲ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಆ ವರ್ಷದ ಮಾರ್ಚ್ 16ರಿಂದ ಹೊಸದಾಗಿ ಕೊಡುವ ಅಥವಾ ಬದಲಿಸಿ ಕೊಡುವ ಕಾರ್ಡುಗಳು ಆರಂಭದಲ್ಲಿ ದೇಶದೊಳಗಿನ ಎಟಿಎಂಗಳಲ್ಲಿ ಮತ್ತು ಅಂಗಡಿಯ ಯಂತ್ರಗಳಲ್ಲಿ ಒಳಗೆ ತೂರಿಸಿ ಬಳಸುವುದಕ್ಕೆ ಮಾತ್ರ ಸಿದ್ಧವಾಗಿರುತ್ತವೆ. ಟ್ಯಾಪ್ ಬೇಕಾದರೆ ಕಾರ್ಡಿನವರೇ ಬ್ಯಾಂಕಿನ ಆ್ಯಪ್, ನೆಟ್ ಬ್ಯಾಂಕಿಂಗ್, ಎಟಿಎಂ ಅಥವಾ ಫೋನ್ ಮೂಲಕ ತೆರೆಯಬೇಕು. ಕಾರ್ಡಿನ ಮೇಲೆ ನಾಲ್ಕು ಗೆರೆಗಳಿವೆ, ಬೀಪ್ ಬರುತ್ತದೆ, ಆದರೂ ಬ್ಯಾಂಕು ಬೇಡವೆನ್ನುತ್ತದೆ. ಗ್ರಾಹಕರಿಗೆ ಇದು ಯಂತ್ರದ ತಪ್ಪಿನಂತೆಯೇ ಕಾಣುತ್ತದೆ.

ಇದನ್ನು ಗುರುತಿಸುವ ಪರೀಕ್ಷೆ ಸುಲಭ. ಅದೇ ಕಾರ್ಡನ್ನು, ಅದೇ ಮೊತ್ತಕ್ಕೆ, ಚಿಪ್ ಇರುವ ತುದಿಯಿಂದ ಒಳಗೆ ಹಾಕಿಸಿ, ಗ್ರಾಹಕರಿಂದಲೇ ಪಿನ್ ಒತ್ತಿಸಿ. ಹಣ ಹೋದರೆ ಖಾತೆಯಲ್ಲಿ ದುಡ್ಡಿದೆ, ನೆಟ್‌ವರ್ಕ್ ಸರಿಯಿದೆ, ಯಂತ್ರ ಸರಿಯಿದೆ. ಉಳಿಯುವುದು ಟ್ಯಾಪ್ ಸೌಲಭ್ಯ ಮುಚ್ಚಿರುವುದು ಅಥವಾ ಅದರ ಮಿತಿ. ಒಳಗೆ ಹಾಕಿದರೂ ಹೋಗದಿದ್ದರೆ ಟ್ಯಾಪ್‌ಗೂ ದೋಷಕ್ಕೂ ಸಂಬಂಧವಿಲ್ಲ. ಪೋಸ್ಟರಿನ ತಳದಲ್ಲಿ ‘ಟ್ಯಾಪ್ ಆಗದಿದ್ದರೆ ಕಾರ್ಡ್ ಒಳಗೆ ಹಾಕಿ, ಪಿನ್ ಒತ್ತಿ’ ಎಂಬ ಸಾಲು ಇರುವುದು ಈ ಪರೀಕ್ಷೆ ತಾನಾಗಿ ನಡೆಯಲಿ ಎಂದು.

ಮಿತಿಯ ವಿಷಯ. ಪಿನ್ ಇಲ್ಲದೆ ಟ್ಯಾಪ್ ಮಾಡಬಹುದಾದ ಮೊತ್ತ ಮೊದಲು ₹2,000 ಇತ್ತು. 2021ರ ಜನವರಿ 1ರಿಂದ ಅದು ₹5,000. ಅದನ್ನು ಮೀರಿದರೆ ಪಿನ್ ಬೇಕೇ ಬೇಕು. ಕೆಲವು ಯಂತ್ರಗಳು ತಾಗಿಸಿದ ಮೇಲೆ ಪಿನ್ ಕೇಳುತ್ತವೆ, ಕೆಲವು ಕಾರ್ಡನ್ನು ಒಳಗೆ ಹಾಕಲು ಹೇಳುತ್ತವೆ. ಕಥೆ ಕವನದ ಬಿಲ್ಲು ಅಷ್ಟಕ್ಕೆ ಏರುವುದು ಅಪರೂಪ. ಆದರೆ ಜೂನ್ ತಿಂಗಳಲ್ಲಿ ಇಬ್ಬರು ಮಕ್ಕಳ ಪಠ್ಯಪುಸ್ತಕ, ನೋಟ್‌ಬುಕ್ ಒಟ್ಟಿಗೆ ಕೊಂಡಾಗ, ಶಾಲೆಯ ಗ್ರಂಥಾಲಯಕ್ಕೆ ಆರಿಸಿದಾಗ ಸುಲಭವಾಗಿ ಏರುತ್ತದೆ. ಕಾರ್ಡಿನವರು ತಮ್ಮ ಆ್ಯಪ್‌ನಲ್ಲಿ ಇನ್ನೂ ಕಡಿಮೆ ಮಿತಿ ಇಟ್ಟಿರಲೂಬಹುದು. ಬಿಲ್ಲನ್ನು ಎರಡಾಗಿ ಒಡೆದು ಎರಡು ಸಲ ಟ್ಯಾಪ್ ಮಾಡಿಸುವ ಜಾಣತನ ಬೇಡ. ಪಿನ್ ಕೇಳುವುದು ಗ್ರಾಹಕರ ರಕ್ಷಣೆಗೇ.

ಉಳಿದದ್ದು ನೆಟ್‌ವರ್ಕ್. ಬೀಪ್ ಬಂದ ಮೇಲೆ `PROCESSING` ಎಂದು ಪರದೆ ನಿಂತೇಬಿಟ್ಟರೆ ಯಂತ್ರದ ಸಿಗ್ನಲ್ ನೋಡಿ. ಇಲ್ಲಿ ಮಾಡಬಾರದ ಒಂದೇ ಕೆಲಸವೆಂದರೆ ತಕ್ಷಣ ಇನ್ನೊಮ್ಮೆ ಟ್ಯಾಪ್ ಮಾಡಿಸುವುದು. ಮೊದಲನೆಯದು ಬ್ಯಾಂಕಿನಲ್ಲಿ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಯಂತ್ರದಲ್ಲಿ ಕೊನೆಯ ವ್ಯವಹಾರದ ಸ್ಥಿತಿ ನೋಡಿ, ಗ್ರಾಹಕರ ಫೋನಿಗೆ ಸಂದೇಶ ಬಂದಿದೆಯೇ ಎಂದು ಕೇಳಿ. ಅವರ ಖಾತೆಯಿಂದ ಹೋಗಿ ನಿಮ್ಮಲ್ಲಿ ಸ್ಲಿಪ್ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ವ್ಯವಹಾರದ ದಿನದಿಂದ 5 ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು; ತಡವಾದರೆ ದಿನಕ್ಕೆ ₹100ರಂತೆ ಬ್ಯಾಂಕು ಪರಿಹಾರ ಕೊಡಬೇಕು. ಇದನ್ನು ಪೋಸ್ಟರಿನಲ್ಲಿ ಬರೆಯುವ ಅಗತ್ಯವಿಲ್ಲ. ಕೌಂಟರಿನ ಒಳಬದಿಗೆ, ನಿಮ್ಮ ಕಣ್ಣಿಗೆ ಕಾಣುವಂತೆ ಒಂದು ಚೀಟಿಯಲ್ಲಿ ಅಂಟಿಸಿಕೊಳ್ಳಿ. ಗ್ರಾಹಕರು ಗಾಬರಿಯಾದಾಗ ನೀವು ಓದಿ ಹೇಳಲು ಅದು ಬೇಕಾಗುತ್ತದೆ.

ತಿದ್ದಿದ ಪೋಸ್ಟರ್

ಧಾರವಾಡದ ಅಂಗಡಿಯಲ್ಲಿ ಈಗಿರುವ ಬರಹ ಇದು:

ಕಾರ್ಡ್ ತಾಗಿಸಿ ಹಣ ಕೊಡಿ
1. ಪರದೆಯಲ್ಲಿ ಮೊತ್ತ ನೋಡಿ.
2. ಒಂದೇ ಕಾರ್ಡನ್ನು ಪರ್ಸಿನಿಂದ ತೆಗೆದು, ಯಂತ್ರದ ಕಿತ್ತಳೆ ಗುರುತಿನ ಮೇಲೆ ಬೀಪ್ ಬರುವವರೆಗೆ ಹಿಡಿಯಿರಿ.
3. `APPROVED` ಎಂದು ಕಾಣುವವರೆಗೆ ನಿಲ್ಲಿ.

ತಳದಲ್ಲಿ ಚಿಕ್ಕ ಅಕ್ಷರಗಳಲ್ಲಿ:
₹5,000 ಮೀರಿದರೆ ಪಿನ್ ಬೇಕು. ಟ್ಯಾಪ್ ಆಗದಿದ್ದರೆ ಕಾರ್ಡ್ ಒಳಗೆ ಹಾಕಿ, ಪಿನ್ ಒತ್ತಿ. ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ.

ಎರಡನೆಯ ಹೆಜ್ಜೆ ಉದ್ದವಾಯಿತು ಎಂದು ಮುದ್ರಣದವರು ಆಕ್ಷೇಪಿಸಿದರು. ಉದ್ದವೇ ಸರಿ. ದೋಷಗಳಲ್ಲಿ ಹೆಚ್ಚಿನವು ಅಲ್ಲೇ ಇವೆ. ಮೂರೂ ಸಾಲು ಸಮನಾಗಿರಲಿ ಎಂದು ‘ಟ್ಯಾಪ್ ಮಾಡಿ’ಗೆ ಇಳಿಸಿದರೆ ಹಳೆಯ ಪೋಸ್ಟರೇ ಮರಳುತ್ತದೆ. ಅಕ್ಷರದ ವಿಷಯದಲ್ಲಿ ಒಂದು ಮಾತು: ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಇಡುವ ಸಾಲಂತರ ಸಾಲುವುದಿಲ್ಲ, ‘ಕಾರ್ಡ್’ನ ಡಕಾರದ ಪಕ್ಕದ ಅರ್ಕಾವೊತ್ತು ತೆಳುವಾದ ಅಕ್ಷರಶೈಲಿಯಲ್ಲಿ ಮಾಯವಾಗುತ್ತದೆ. ದಪ್ಪ ಅಕ್ಷರ, ಸಡಿಲ ಸಾಲು, ಹೊಳಪಿಲ್ಲದ ಲ್ಯಾಮಿನೇಷನ್. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಗ್ರಾಹಕರಿಗೆ ಕಾಣುವುದು ಬಿಳಿ ಪಟ್ಟಿ ಮಾತ್ರ.

ಕೊನೆಯ ಸಾಲಾದ ‘ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ’ ಗ್ರಾಹಕರಿಗಿಂತ ಹೆಚ್ಚಾಗಿ ಅಂಗಡಿಯವರಿಗೆ ಅನ್ವಯಿಸುತ್ತದೆ. ಸ್ವೈಪ್ ಕಾಲದ ಅಭ್ಯಾಸದಿಂದ ‘ಕೊಡಿ ಇಲ್ಲಿ’ ಎಂದು ಕೈ ಚಾಚುವ ಮಾಲೀಕರ ಮುಂದೆ ಯಾವ ಪೋಸ್ಟರಿಗೂ ಬೆಲೆಯಿಲ್ಲ. ಮೊತ್ತ ಒತ್ತಿದ ಮೇಲೆ ಯಂತ್ರವನ್ನೇ ಗ್ರಾಹಕರ ಕಡೆಗೆ ತಿರುಗಿಸಿ ಇಟ್ಟರೆ ಮೊದಲ ಹೆಜ್ಜೆ ಅರ್ಧ ಮುಗಿದಂತೆ.

ಹೊಸ ಪೋಸ್ಟರ್ ಇಟ್ಟ ಮೇಲೆ ಅದೇ ಬಿಲ್ ಪುಸ್ತಕದ ಹಾಳೆಯಲ್ಲಿ ಮತ್ತೆ ಅರ್ಧ ದಿನ ಬರೆಯಿರಿ. ಬೀಪ್ ಬಾರದ ಪ್ರಕರಣಗಳು ಇಳಿದು, ಬೀಪ್ ಬಂದ ಮೇಲಿನವು ಮಾತ್ರ ಉಳಿದಿದ್ದರೆ ಪೋಸ್ಟರ್ ತನ್ನ ಕೆಲಸ ಮಾಡಿದೆ, ಉಳಿದದ್ದು ಬ್ಯಾಂಕಿನದು. ಯಂತ್ರ ಕೊಟ್ಟವರು ಬೇರೆ ಮಾದರಿಯ ಯಂತ್ರ ತಂದು ಇಟ್ಟ ದಿನ ಕಿತ್ತಳೆ ಸ್ಟಿಕ್ಕರನ್ನು ಹೊಸ ಜಾಗಕ್ಕೆ ಅಂಟಿಸಿ, ನಿಮ್ಮದೇ ಕಾರ್ಡಿನಿಂದ ಒಂದು ರೂಪಾಯಿಯ ಟ್ಯಾಪ್ ಮಾಡಿ ಜಾಗ ಸರಿಯಿದೆಯೇ ನೋಡಿಕೊಳ್ಳಿ. ಪೋಸ್ಟರಿನಲ್ಲಿರುವ ಹಳೆಯ ಯಂತ್ರದ ಫೋಟೊವನ್ನು ಅಂದೇ ಬದಲಿಸಿ.